ಮರುಪತ್ರದ ಮಾತು

"ಹಿಂದಿನ ಇ-ಮೇಲ್‌ನಲ್ಲಿ ತಿಳಿಸಿದಂತೆ" ಎಂಬ ವಾಕ್ಯ ಮೇಲ್ನೋಟಕ್ಕೆ ವಿನಯದ್ದೇ. ಓದುವವರಿಗೆ ಮಾತ್ರ 'ನೀವು ಓದಲೇ ಇಲ್ಲ' ಎಂಬ ಮೂದಲಿಕೆ ಕೇಳಿಸುತ್ತದೆ; ಹಳೆಯ ಪತ್ರವನ್ನು ಹುಡುಕುವ ಹೊರೆಯೂ ಅವರ ಮೇಲೆಯೇ ಬೀಳುತ್ತದೆ.

ವಸತಿನಿಲಯದ ಶುಲ್ಕಕ್ಕೆ ಕೊನೆಯ ದಿನ ಯಾವುದೆಂದು ಪೋಷಕರೊಬ್ಬರು ಎರಡನೆಯ ಬಾರಿ ಕೇಳಿದರೆನ್ನೋಣ. ಗುಮಾಸ್ತರು ಹೀಗೆ ಬರೆಯಬಹುದು: "ಶುಲ್ಕ ಕಟ್ಟಲು ಜೂನ್ 15 ಕೊನೆಯ ದಿನ. ಜೂನ್ 3ರಂದು ಕಳುಹಿಸಿದ ವಿವರಪಟ್ಟಿಯನ್ನು ತಮ್ಮ ಅನುಕೂಲಕ್ಕಾಗಿ ಇಲ್ಲಿಯೂ ಲಗತ್ತಿಸಿದೆ." ಕೇಳಿದ್ದಕ್ಕೆ ಉತ್ತರ ಮೊದಲು ಬಂದಿತು, ಹಿಂದೆ ತಿಳಿಸಿದ್ದು ಬರಿಯ ದಿನಾಂಕವಾಗಿ ಉಳಿಯಿತು. 'ಆಗಲೇ ಹೇಳಿದ್ದೆವಲ್ಲ' ಎಂಬುದಕ್ಕೆ ಎಡೆಯೇ ಇಲ್ಲ.

ಸೌಜನ್ಯದ ಹೆಸರಿನಲ್ಲಿ ಆ ದಿನಾಂಕವನ್ನೂ ಅಳಿಸುವವರುಂಟು. ನಾವು ಅದನ್ನು ಒಪ್ಪೆವು. ಗಡುವು ಮೀರಿ ತಕರಾರು ಬಂದಾಗ ಕಚೇರಿಗೆ ಜೂನ್ 3 ಎಂಬುದೇ ಆಧಾರ.