ಮನೆ ಕಟ್ಟಿಸುವವರಿಗೆ ವಾರದ ವರದಿ

ಬೆಂಗಳೂರಿನಲ್ಲಿ ನೌಕರಿ ಮಾಡುತ್ತ ಹೊಸೂರಿನಲ್ಲಿ ಮನೆ ಕಟ್ಟಿಸುವವರಿಗೆ ಇಂಜಿನಿಯರರ ವಾರದ ವರದಿಯೇ ಕಣ್ಣು. ಆದರೆ "ಕೆಲಸ ಚೆನ್ನಾಗಿ ಸಾಗಿದೆ" ಎಂಬುದು ವರದಿಯಲ್ಲ. ಅದರಲ್ಲಿ ಅಳತೆ, ತಾರೀಖುಗಳಿರಬೇಕು.

ತಾರಸಿ ಹಾಕಿದ ವಾರವನ್ನೇ ನೋಡೋಣ. 600 ಚದರಡಿ, 5 ಅಂಗುಲ ದಪ್ಪವೆಂದರೆ 250 ಘನ ಅಡಿ ಕಾಂಕ್ರೀಟು. 1:1½:3 ಮಿಶ್ರಣವಾದರೆ, ತೊಲೆಗಳನ್ನು ಬಿಟ್ಟು, ಸುಮಾರು 57 ಮೂಟೆ ಸಿಮೆಂಟು ಬೇಕು. ವರದಿಯಲ್ಲಿ 45 ಎಂದಿದ್ದರೆ ಕಾರಣ ಕೇಳಲೇಬೇಕು. (ಈ ಲೆಕ್ಕವನ್ನು ನಮ್ಮ ಮಕ್ಕಳೂ ಮಾಡಬಲ್ಲರು!) ಕಟ್ಟಿದ ಕಂಬಿಯ ಚಿತ್ರ ಕಾಂಕ್ರೀಟು ಸುರಿಯುವ ಮೊದಲೇ ಬರಬೇಕು, ಆಮೇಲೆ ಅದು ಕಾಣುವುದಿಲ್ಲ.

ಕಾಂಕ್ರೀಟು ಹಾಕಿದ ದಿನವನ್ನೂ ಬರೆದಿರಬೇಕು. ನಾಲ್ಕೂವರೆ ಮೀಟರಿಗಿಂತ ಅಗಲವಾದ ಕೋಣೆಗೆ ಕೆಳಗಿನ ಆಧಾರದ ಕಂಬಗಳು ಕನಿಷ್ಠ 14 ದಿನ ಇರಬೇಕು. ತಾರೀಖೇ ಇಲ್ಲದಿದ್ದರೆ, ಬಾಡಿಗೆ ಉಳಿಸಲು ಮೇಸ್ತ್ರಿ ಅವನ್ನು ಬೇಗ ಬಿಚ್ಚಿದರೂ ಮಾಲೀಕರಿಗೆ ತಿಳಿಯದು.