ಹಳೇ ಗಾಡಿ ಇನ್ನೆಷ್ಟು ವರ್ಷ?

ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಟೊಮೆಟೊ ಕ್ರೇಟ್ ಹೊತ್ತು ಬರುವ ಚಿಕ್ಕ ಗೂಡ್ಸ್ ಗಾಡಿಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಏಳು ವರ್ಷ ಓಡಿದ ಗಾಡಿ. ಏರು ಬಂದರೆ ಏದುಸಿರು ಬಿಡುತ್ತದೆ, ಕ್ಲಚ್ ಪ್ಲೇಟು ಬೇಗ ಸವೆಯುತ್ತದೆ, ಮೂರು ತಿಂಗಳಿಗೊಮ್ಮೆಯಾದರೂ ಗ್ಯಾರೇಜಿನಲ್ಲಿ ನಿಲ್ಲುತ್ತದೆ. ಲೋಡ್ ಇಳಿಸಿ ಟೀ ಕುಡಿಯುವಾಗ ಮಾಲೀಕನಿಗೆ ಎರಡು ಬಗೆಯ ಬುದ್ಧಿವಾದ ಸಿಗುತ್ತದೆ. "ಹೋದ ವರ್ಷ ತಾನೇ ಅರವತ್ತು ಸಾವಿರ ಸುರಿದಿದ್ದೀಯ, ಈಗ ಮಾರಿದ್ರೆ ಅದೆಲ್ಲ ನೀರುಪಾಲು" ಅನ್ನುತ್ತಾರೆ ಒಬ್ಬರು. "ಗ್ಯಾರೇಜಿಗೆ ಹಾಕೋ ದುಡ್ಡಲ್ಲಿ ಹೊಸ ಗಾಡಿ ಕಂತು ಕಟ್ಟಬಹುದು" ಅನ್ನುತ್ತಾರೆ ಇನ್ನೊಬ್ಬರು.

ಎರಡೂ ಮಾತು ಸರಿಯೆನಿಸುತ್ತವೆ. ಆದರೆ ಗಾಡಿ ಕೊಡುವ ವರ್ಷ ಯಾವುದೆಂದು ಎರಡರಿಂದಲೂ ತಿಳಿಯುವುದಿಲ್ಲ. ಅದಕ್ಕೆ ಒಂದು ಲೆಕ್ಕವಿದೆ. ಅಮೆರಿಕದ ಜಾರ್ಜ್ ಟರ್ಬೋರ್ಗ್ 1949ರಲ್ಲಿ ಯಂತ್ರ ಬದಲಾವಣೆಯ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ಪಟ್ಟಕ್ಕಾಗಿ ನಡೆಯುವ ಪೈಪೋಟಿಯಂತೆ ಚಿತ್ರಿಸಿದ. ಕೈಯಲ್ಲಿರುವ ಯಂತ್ರ ಪಟ್ಟ ಉಳಿಸಿಕೊಳ್ಳಬೇಕಾದ ಜಟ್ಟಿ, ಹೊಸದು ಸವಾಲು ಹಾಕುವ ಜಟ್ಟಿ. ಮೊದಲು ಸವಾಲು ಹಾಕುವವನ ಬಲ ತಿಳಿಯಬೇಕು.

ಹೊಸ ಗಾಡಿಯ ಬೆಲೆ 6 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. (ಇಲ್ಲಿನ ಅಂಕಿಗಳೆಲ್ಲ ಲೆಕ್ಕ ತೋರಿಸಲು ಹಿಡಿದವು.) ಶೋರೂಮಿನಿಂದ ಆಚೆ ಬಂದ ಮೊದಲ ವರ್ಷವೇ ಅದರ ಬೆಲೆ 4,60,000ಕ್ಕೆ ಇಳಿಯುತ್ತದೆ. ಎರಡನೇ ವರ್ಷದ ಕೊನೆಗೆ 3,70,000, ಮೂರಕ್ಕೆ 3 ಲಕ್ಷ, ನಾಲ್ಕಕ್ಕೆ 2,45,000, ಐದಕ್ಕೆ 2 ಲಕ್ಷ. ಇಳಿತ ಮೊದಲು ಜೋರು, ಆಮೇಲೆ ನಿಧಾನ. ರಿಪೇರಿ ಖರ್ಚಿನ ನಡೆ ಇದಕ್ಕೆ ತದ್ವಿರುದ್ಧ: 30,000, 40,000, 55,000, 75,000, ಒಂದು ಲಕ್ಷ, ಹೀಗೆ ಏರುತ್ತಾ ಹೋಗುತ್ತದೆ.

ಗಾಡಿಯನ್ನು ಒಂದೇ ವರ್ಷಕ್ಕೆ ಮಾರಿದರೆ ಬೆಲೆಯಲ್ಲಿ ಕಳೆದುಕೊಂಡ 1,40,000 ಮತ್ತು ರಿಪೇರಿಯ 30,000 ಸೇರಿ 1,70,000 ಖರ್ಚು. ನಾಲ್ಕು ವರ್ಷ ಇಟ್ಟುಕೊಂಡರೆ ಬೆಲೆಯಲ್ಲಿ 3,55,000, ರಿಪೇರಿಗೆ 2 ಲಕ್ಷ, ಒಟ್ಟು 5,55,000. ನಾಲ್ಕರಿಂದ ಭಾಗಿಸಿದರೆ ವರ್ಷಕ್ಕೆ 1,38,750. ಐದು ವರ್ಷ ಇಟ್ಟರೆ ಈ ಸರಾಸರಿ 1,40,000 ಆಗುತ್ತದೆ, ಮೂರೇ ವರ್ಷ ಇಟ್ಟರೆ ಸುಮಾರು 1,41,700. ಹಾಗಾಗಿ ಹೊಸ ಗಾಡಿಯ ಅತ್ಯಂತ ಅಗ್ಗದ ಬಾಳಿಕೆ ನಾಲ್ಕು ವರ್ಷ. ಅಂದ ಮಾತ್ರಕ್ಕೆ ಒಂದು ವರ್ಷ ಹೆಚ್ಚುಕಡಿಮೆಯಾದರೆ ಆಕಾಶವೇನೂ ಬೀಳದು, ವ್ಯತ್ಯಾಸ ವರ್ಷಕ್ಕೆ ಮೂರು ಸಾವಿರದೊಳಗಿನದು. ನೆನಪಿಡಬೇಕಾದ ಅಂಕಿ ಒಂದೇ, 1,38,750. ಹಳೇ ಗಾಡಿ ಗೆಲ್ಲಬೇಕಾದದ್ದು ಇದನ್ನು.

ಈಗ ಹಳೇ ಗಾಡಿಯ ಸರದಿ. ಇದು ಬಿಎಸ್-4 ಕಾಲದ್ದು, ಅಂದರೆ 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬರುವ ಮುಂಚಿನದು. ಎಂಜಿನ್ ಸರಳ, ರಿಪೇರಿಯೂ ಅಗ್ಗ. ಇದಕ್ಕೆ ಸರಾಸರಿ ಬೇಡ. ಮುಂದಿನ ಒಂದು ವರ್ಷ ಇಟ್ಟುಕೊಂಡರೆ ಎಷ್ಟು ಖರ್ಚು ಎಂದಷ್ಟೇ ಕೇಳಿದರೆ ಸಾಕು. ಇಂದು ಮಾರಿದರೆ 1,60,000 ಬರುತ್ತದೆ, ವರ್ಷ ಕಳೆದರೆ 1,30,000. ಆ 30,000 ಇಟ್ಟುಕೊಂಡದ್ದರ ಬೆಲೆ. ಅದಕ್ಕೆ ರಿಪೇರಿಯ 85,000 ಸೇರಿಸಿದರೆ 1,15,000. ಹೊಸದಕ್ಕಿಂತ ಕಡಿಮೆ, ಆದ್ದರಿಂದ ಗಾಡಿ ಉಳಿಯಲಿ. ಅದರ ಮರುವರ್ಷ ಬೆಲೆ ಇನ್ನೂ 25,000 ಇಳಿದು ರಿಪೇರಿ 1,05,000ಕ್ಕೆ ಏರುತ್ತದೆ, ಒಟ್ಟು 1,30,000. ಆಗಲೂ ಉಳಿಯಲಿ. ಮೂರನೇ ವರ್ಷ 20,000 ಮತ್ತು 1,35,000 ಸೇರಿ 1,55,000. ಇಲ್ಲಿ ಹಳೇ ಜಟ್ಟಿ ಮಣ್ಣು ಮುಕ್ಕುತ್ತಾನೆ. ಗಾಡಿಯನ್ನು ಇನ್ನೆರಡು ವರ್ಷ ಓಡಿಸಿ ಕೊಟ್ಟುಬಿಡುವುದೇ ಸರಿ.

ಹೋದ ವರ್ಷದ ಅರವತ್ತು ಸಾವಿರ ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ. ಏಳು ವರ್ಷದ ಹಿಂದೆ ಕೊಟ್ಟ ಬೆಲೆಯೂ ಬರಲಿಲ್ಲ. ಗಾಡಿ ಮಾರಿದರೂ ಇಟ್ಟುಕೊಂಡರೂ ಆ ದುಡ್ಡು ಮರಳಿ ಬರುವುದಿಲ್ಲ. ಆ ರಿಪೇರಿಯಿಂದ ಮುಂದಿನ ಖರ್ಚು ತಗ್ಗಿದ್ದರೆ ಅಥವಾ ಮಾರುವ ಬೆಲೆ ಏರಿದ್ದರೆ ಅದು ಮುಂದಿನ ಅಂಕಿಗಳಲ್ಲೇ ಕಾಣುತ್ತದೆ. ಕಂತಿನ ಹೋಲಿಕೆಯೂ ದಾರಿ ತಪ್ಪಿಸುತ್ತದೆ. ಕಂತು ಸಾಲ ತೀರಿಸುವ ವೇಗವನ್ನು ಹೇಳುತ್ತದೆ, ಗಾಡಿ ಎಷ್ಟು ಸವೆಯಿತು ಎಂಬುದನ್ನಲ್ಲ. ಕೈಯಿಂದಲೇ ದುಡ್ಡು ಹಾಕುವವರೂ ಎರಡೂ ಕಡೆ ಬಡ್ಡಿಯನ್ನು ಸೇರಿಸಬೇಕು, ಏಕೆಂದರೆ ಬ್ಯಾಂಕಿನಲ್ಲಿದ್ದರೆ ಆ ದುಡ್ಡು ದುಡಿಯುತ್ತಿತ್ತು. ಹೊಸದರಲ್ಲಿ ಸಿಕ್ಕಿಕೊಳ್ಳುವ ಹಣ ಹೆಚ್ಚಾದ್ದರಿಂದ, ಬಡ್ಡಿ ಸೇರಿಸಿದರೆ ಲೆಕ್ಕ ಸಾಮಾನ್ಯವಾಗಿ ಹಳೇ ಗಾಡಿಯ ಕಡೆಗೇ ವಾಲುತ್ತದೆ.

ಒಂದು ಕಡೆ ಮಾತ್ರ ಈ ಸರಳ ಸೂತ್ರ ಕೈಕೊಡುತ್ತದೆ. ಮುಂದಿನ ವರ್ಷವೇ 65,000 ರೂಪಾಯಿಯ ಎಂಜಿನ್ ಕೆಲಸ ಕಾದಿದೆ ಎಂದುಕೊಳ್ಳಿ. ಆ ವರ್ಷದ ಖರ್ಚು 1,80,000ಕ್ಕೆ ಹಾರುತ್ತದೆ. ಅಷ್ಟನ್ನೇ ನೋಡಿದವರು ಗಾಡಿ ಮಾರಿಬಿಡುತ್ತಾರೆ. ಆದರೆ ಎಂಜಿನ್ ಹೊಸದಾದ ಮೇಲೆ ರಿಪೇರಿ ಇಳಿದು, ಸವಕಳಿಯೂ ಸೇರಿ ಎರಡನೇ ವರ್ಷ 85,000, ಮೂರನೇ ವರ್ಷ ಒಂದು ಲಕ್ಷಕ್ಕೆ ನಿಂತರೆ ಮೂರು ವರ್ಷದ ಸರಾಸರಿ ಸುಮಾರು 1,21,700. ಹೊಸದಕ್ಕಿಂತ ಅಗ್ಗ. ದೊಡ್ಡ ಖರ್ಚೊಂದು ಎದುರಿಗಿದ್ದಾಗ ಒಂದು ವರ್ಷವನ್ನಲ್ಲ, ಆ ಕೆಲಸದ ಫಲ ಎಷ್ಟು ವರ್ಷ ಬಾಳುತ್ತದೋ ಅಷ್ಟನ್ನೂ ಕೂಡಿ ನೋಡಬೇಕು.

ಎಂಜಿನ್ ಬಿಚ್ಚುವ ಸಮಯ ಯಾವುದು ಎಂಬುದೇ ಅರ್ಥಶಾಸ್ತ್ರದ ಹೆಸರಾಂತ ಪ್ರಬಂಧವೊಂದಕ್ಕೆ ವಸ್ತುವಾಯಿತು. ಅಮೆರಿಕದ ಮ್ಯಾಡಿಸನ್ ನಗರದ ಬಸ್ ಸಂಸ್ಥೆಯಲ್ಲಿ ಹೆರಾಲ್ಡ್ ಜರ್ಕರ್ ಎಂಬಾತ ಗಾಡಿಗಳ ನಿರ್ವಹಣೆ ನೋಡಿಕೊಳ್ಳುತ್ತಿದ್ದ. ಆತ ಯಾವ ಬಸ್ಸಿನ ಎಂಜಿನ್ನನ್ನು ಎಷ್ಟು ಮೈಲಿಗೆ ಬದಲಿಸಿದ ಎಂಬ ಸುಮಾರು ಹತ್ತು ವರ್ಷದ ದಾಖಲೆಯನ್ನು ಜಾನ್ ರಸ್ಟ್ ಪರಿಶೀಲಿಸಿ 1987ರಲ್ಲಿ ಪ್ರಕಟಿಸಿದ. ಬೇಗ ಬದಲಿಸಿದರೆ ದುಡ್ಡು ದಂಡ, ತಡಮಾಡಿದರೆ ಬಸ್ಸು ನಡುದಾರಿಯಲ್ಲಿ ನಿಲ್ಲುತ್ತದೆ. ಜರ್ಕರನ ತೀರ್ಮಾನಗಳು ಇವೆರಡನ್ನೂ ತೂಗಿ ನೋಡುವ ಗಣಿತಕ್ಕೆ ಚೆನ್ನಾಗಿ ಹೊಂದಿಕೊಂಡವು. ಇದು ಸಾಧ್ಯವಾದದ್ದು ಪ್ರತಿ ಬಸ್ಸಿಗೂ ತಿಂಗಳು ತಿಂಗಳ ಬರಹವಿದ್ದುದರಿಂದ.

ನಮ್ಮಲ್ಲಿ ಕೊರತೆಯಿರುವುದು ಆ ಬರಹದ್ದೇ. ರಿಪೇರಿ ಅಂದರೆ ಗ್ಯಾರೇಜಿನ ಬಿಲ್ಲು ಮಾತ್ರವಲ್ಲ. ಟೊಮೆಟೊ ಸುಗ್ಗಿಯಲ್ಲಿ ಗಾಡಿ ಎರಡು ದಿನ ನಿಂತು ಬಾಡಿಗೆ ಬೇರೆಯವರ ಪಾಲಾದರೆ, ಖರ್ಚು ಕಳೆದು ಕೈಗೆ ಸಿಗಬೇಕಿದ್ದ ಆ ದುಡ್ಡೂ ಹಳೇ ಗಾಡಿಯ ಖರ್ಚೇ. ಹೊಸ ಗಾಡಿಗಿಂತ ಅದು ಹೆಚ್ಚಾಗಿ ಕುಡಿಯುವ ಡೀಸೆಲ್ಲೂ ಅಷ್ಟೇ. ಸರಕು ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ವರ್ಷ ವರ್ಷವೂ ಎಫ್‌ಸಿ ಮಾಡಿಸಬೇಕು. ಅದರ ಶುಲ್ಕ, ಅದಕ್ಕೆಂದು ಮಾಡಿಸುವ ಪೇಂಟು, ಟಿಂಕರಿಂಗ್ ಎಲ್ಲವೂ ಲೆಕ್ಕಕ್ಕೆ ಬರಬೇಕು. ಇವನ್ನು ಬಿಟ್ಟರೆ ಹಳೇ ಗಾಡಿ ಯಾವಾಗಲೂ ಅಗ್ಗವಾಗಿಯೇ ಕಾಣುತ್ತದೆ.

ಈ ಸಲ ಆಯುಧಪೂಜೆಗೆ ಗಾಡಿ ತೊಳೆದು ಹೂ ಮುಡಿಸಿದ ದಿನವೇ ಒಂದು ನೋಟ್‌ಬುಕ್ ತೆರೆಯಿರಿ. ಹಳೇ ಗಾಡಿ ಕೊಳ್ಳುವ ಇಬ್ಬರು ಬ್ರೋಕರ್‌ಗಳನ್ನು ಬೇರೆಬೇರೆಯಾಗಿ ಕೇಳಿ, ಅವರು ಹೇಳಿದ ಬೆಲೆಯನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಮುಂದಿನ ಆಯುಧಪೂಜೆಯವರೆಗೆ ಪ್ರತಿ ಬಿಲ್ಲು, ಗಾಡಿ ನಿಂತ ಪ್ರತಿ ದಿನ ಅದರ ಕೆಳಗೆ ಬರಲಿ.