ಮಾರಿದ್ದು ಆರು ಸೀರೆ, ಖಾತೆಗೆ ಬಂದದ್ದು ಸೊನ್ನೆ

ದೀಪಾವಳಿ ಮುಗಿದ ಎರಡು ವಾರಕ್ಕೆ ಆನ್‌ಲೈನ್ ಮಾರಾಟಗಾರರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತದೆ: ‘ಈ ವಾರದ ಪೇಮೆಂಟ್ ಯಾಕೆ ಬಂದಿಲ್ಲ?’ ಸ್ಟೇಟ್‌ಮೆಂಟ್ ತೆರೆದರೆ ಮೊತ್ತದ ಹಿಂದೆ ಮೈನಸ್ ಗುರುತು. ಸೀರೆ ಮಾರಿದ್ದು ನಾವು, ಸಾಲಗಾರರೂ ನಾವೇ ಎಂಬಂತಾಗುತ್ತದೆ. ಕಂಪನಿ ದುಡ್ಡು ನುಂಗಿತು ಎಂದು ಕೂಗಾಡುವವರೂ ಇದ್ದಾರೆ. ಕೆಲವೊಮ್ಮೆ ಲೆಕ್ಕ ನಿಜಕ್ಕೂ ತಪ್ಪಿರುತ್ತದೆ. ಆದರೆ ಹೆಚ್ಚಿನ ಸಲ ಗೊಂದಲದ ಮೂಲ ಬೇರೆ. ಸ್ಟೇಟ್‌ಮೆಂಟನ್ನು ನಾವು ಆ ವಾರದ ಮಾರಾಟದ ಬಿಲ್ಲಿನ ಹಾಗೆ ಓದುತ್ತೇವೆ. ಅದು ಅಂಗಡಿಯ ಉದ್ರಿ ಪುಸ್ತಕದಂಥದ್ದು. ಹಿಂದಿನ ಬಾಕಿ ಮುಂದಿನ ಪುಟಕ್ಕೆ ಬರುತ್ತಲೇ ಇರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಇಳಕಲ್ಲಿನ ಒಬ್ಬ ಜಿಎಸ್‌ಟಿ ನೋಂದಾಯಿತ ವ್ಯಾಪಾರಿ 1,050 ರೂಪಾಯಿಗೆ ಸೀರೆ ಮಾರುತ್ತಾರೆ ಎಂದಿಟ್ಟುಕೊಳ್ಳಿ. ಸೀರೆಯ ಬೆಲೆ 1,000, ಶೇ 5ರ ಜಿಎಸ್‌ಟಿ 50. ಕಂಪನಿಯ ಶುಲ್ಕ ಒಂದೊಂದು ಕಡೆ ಒಂದೊಂದು ಥರ ಇರುವುದರಿಂದ ಲೆಕ್ಕಕ್ಕೆ ಸುಲಭವಾಗಲೆಂದು ಕಮಿಷನ್ 100, ಸಾಗಣೆ ಮತ್ತಿತರ ಶುಲ್ಕ 100 ಎಂದು ಹಿಡಿಯೋಣ. ಈ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಸೇರಿ ಒಟ್ಟು 236 ಕಡಿತ. ಇನ್ನೆರಡು ಸಣ್ಣ ಕಡಿತಗಳು ಸರ್ಕಾರದ ಲೆಕ್ಕಕ್ಕೆ ಹೋಗುತ್ತವೆ: ಸಾವಿರ ರೂಪಾಯಿ ಮೇಲೆ ಶೇ 0.5 ಟಿಸಿಎಸ್, ಅಂದರೆ 5 ರೂಪಾಯಿ, ಶೇ 0.1 ಟಿಡಿಎಸ್, ಅಂದರೆ 1 ರೂಪಾಯಿ. 2024ಕ್ಕೆ ಮುಂಚೆ ಇವೆರಡೂ ಶೇ 1 ಇದ್ದವು. ಎಲ್ಲ ಕಳೆದು ಸೀರೆಯೊಂದಕ್ಕೆ ವ್ಯಾಪಾರಿಯ ಕೈಗೆ 808 ರೂಪಾಯಿ.

ಹಬ್ಬದ ವಾರ 40 ಸೀರೆ ಹೋದವು, 32,320 ರೂಪಾಯಿ ಬ್ಯಾಂಕಿಗೆ ಬಂತು. ನೇಕಾರರಿಗೆ ಕೊಡಬೇಕಾದ್ದನ್ನು ಕೊಟ್ಟದ್ದಾಯಿತು. ಎರಡು ವಾರ ಕಳೆದು ಮಾರಾಟ ಆರಕ್ಕೆ ಇಳಿಯಿತು. ಅದೇ ಹೊತ್ತಿಗೆ ಹಬ್ಬದ ಸೀರೆಗಳಲ್ಲಿ ಒಂಬತ್ತು ವಾಪಸ್ ಬಂದವು.

ವಾಪಸಾದ ಸೀರೆಗೆ ಕಡಿತವಾಗುವುದು 808 ಅಲ್ಲ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಗಿರಾಕಿಗೆ ಪೂರ್ತಿ 1,050 ಹಿಂದಿರುಗಿಸಬೇಕು, ಅದು ಮೊದಲು ಕಳೆಯುತ್ತದೆ. ಕಮಿಷನ್ ಮತ್ತು ಅದರ ಜಿಎಸ್‌ಟಿ ಸೇರಿ 118, ಟಿಸಿಎಸ್ 5 ಮರಳಿ ಜಮೆಯಾಗುತ್ತವೆ. ಹೋಗುವಾಗಿನ ಸಾಗಣೆ ಶುಲ್ಕ ಮಾತ್ರ ಮರಳುವುದಿಲ್ಲ. ಜೊತೆಗೆ ವಾಪಸ್ ತರಿಸಿದ್ದಕ್ಕೆ ಇನ್ನೊಂದು 118 ಬೀಳುತ್ತದೆ ಎಂದುಕೊಳ್ಳಿ. ನಿವ್ವಳ ಕಡಿತ 1,045. ಕೈಗೆ ಬಂದಿದ್ದು 808, ಕೊಟ್ಟಿದ್ದು 1,045. ಮಾರಾಟವೇ ಆಗದ ಒಂದು ಸೀರೆಗೆ 237 ರೂಪಾಯಿ ಖರ್ಚು. ಇದರಲ್ಲಿ ಶುಲ್ಕದ ಮೇಲಿನ ಜಿಎಸ್‌ಟಿ 36 ರೂಪಾಯಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು, ಟಿಡಿಎಸ್‌ನ ಒಂದು ರೂಪಾಯಿ ಆದಾಯ ತೆರಿಗೆ ರಿಟರ್ನ್‌ನಲ್ಲಿ ಸಿಗುತ್ತದೆ. ಉಳಿದ 200 ಹೋದದ್ದೇ.

ಈಗ ಆ ವಾರದ ಸ್ಟೇಟ್‌ಮೆಂಟ್. ಆರು ಸೀರೆಗೆ ಜಮೆ 4,848. ಒಂಬತ್ತು ವಾಪಸಿಗೆ ಕಡಿತ 9,405. ಜಾಹೀರಾತಿಗೆ ಜಿಎಸ್‌ಟಿ ಸೇರಿ 590. ಉಳಿದದ್ದು ಮೈನಸ್ 5,147. ಬ್ಯಾಂಕಿಗೆ ಏನೂ ಬರುವುದಿಲ್ಲ, ಬಾಕಿ ಮುಂದಿನ ವಾರಕ್ಕೆ ದಾಟುತ್ತದೆ. ಮಾರಾಟ ಮುಂದುವರಿದರೆ ಅದರಲ್ಲೇ ವಜಾ ಆಗುತ್ತದೆ. ಅಂಗಡಿ ಮುಚ್ಚಿ ಕೂತರೆ ಬಾಕಿ ಅಳಿದುಹೋಗುವುದಿಲ್ಲ. ಕಟ್ಟಿ ಎಂದು ಕೇಳುವ ಹಕ್ಕನ್ನು ಕಂಪನಿ ಒಪ್ಪಂದದಲ್ಲೇ ಬರೆಸಿಕೊಂಡಿರುತ್ತದೆ.

ಮುಂದಿನ ವಾರ 14 ಸೀರೆ ಮಾರಿ 11,312 ಜಮೆಯಾಯಿತು, ಎರಡು ವಾಪಸಿಗೆ 2,090 ಹೋಯಿತು. ಉಳಿದ 9,222ರಲ್ಲಿ ಹಳೆಯ 5,147 ಕಳೆದರೆ 4,075. ಆದರೆ ಬ್ಯಾಂಕಿಗೆ ಬಂದದ್ದು 1,651! ಮಿಕ್ಕ 2,424 ಎಲ್ಲಿ? ಅದು ಮೂರು ಸೀರೆಯ ಹಣ. ವಾಪಸ್ ಕೊಡುವ ಅವಧಿ ಇನ್ನೂ ಮುಗಿದಿಲ್ಲವೆಂದು ಕಂಪನಿ ತಡೆದಿಟ್ಟಿದೆ. ಅಮೆಜಾನ್‌ನ ಸ್ಟೇಟ್‌ಮೆಂಟಿನಲ್ಲಿ ಇದು `Account Level Reserve` ಎಂಬ ಸಾಲಿನಲ್ಲಿ ಕಾಣುತ್ತದೆ. ಮೈನಸ್ ಬಾಕಿ ಮತ್ತು ತಡೆದಿಟ್ಟ ಹಣ ಎರಡೂ ಪೇಮೆಂಟ್ ಕಡಿಮೆ ಮಾಡುತ್ತವೆ, ಹಾಗಾಗಿ ಒಂದೇ ಎನಿಸುತ್ತದೆ. ಮೊದಲನೆಯದು ನೀವು ಕೊಡಬೇಕಾದದ್ದು, ಎರಡನೆಯದು ನಿಮಗೆ ಬರಬೇಕಾದದ್ದು. ಈ ವಾರ ಕಳೆದ 2,424 ಮುಂದಿನ ಸ್ಟೇಟ್‌ಮೆಂಟಿನ ಆರಂಭದಲ್ಲಿ ಜಮೆಯಾಗಿ ಮರಳಬೇಕು. ಹೊಸದಾಗಿ ಎಷ್ಟು ತಡೆದಿದ್ದಾರೆ ಎಂಬುದು ಕೊನೆಯಲ್ಲಿ ಬರುತ್ತದೆ. ಸ್ಟೇಟ್‌ಮೆಂಟ್ ಕೈಗೆ ಬಂದಾಗ ನಾನಾದರೆ ಮೊದಲು ನೋಡುವುದು ಈ ಎರಡು ಸಾಲನ್ನು. ಹಿಂದಿನದರ ಕೊನೆಗೂ ಈಗಿನದರ ಆರಂಭಕ್ಕೂ ತಾಳೆಯಾದರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧಕ್ಕೆ ಪರದೆಯ ಮೇಲಿನ ಒಟ್ಟು ಮೊತ್ತ ಸಾಲದು, ಆರ್ಡರ್‌ವಾರು ಫೈಲ್ ಡೌನ್‌ಲೋಡ್ ಮಾಡಿಕೊಳ್ಳಬೇಕು. ಮಾರಾಟ ಒಂದು ವಾರದ ಫೈಲಿನಲ್ಲಿ, ಅದರ ವಾಪಸು ಮತ್ತೊಂದರಲ್ಲಿ ಇರುವುದರಿಂದ ಮೂರ್ನಾಲ್ಕು ಫೈಲುಗಳನ್ನು ಎಕ್ಸೆಲ್‌ನಲ್ಲಿ ಒಂದರ ಕೆಳಗೊಂದು ಅಂಟಿಸಿ. A ಕಾಲಮ್ಮಿನಲ್ಲಿ ಆರ್ಡರ್ ಸಂಖ್ಯೆ, B ಕಾಲಮ್ಮಿನಲ್ಲಿ ಮೊತ್ತ, E2ರಲ್ಲಿ ಹುಡುಕಬೇಕಾದ ಆರ್ಡರ್ ಇದ್ದರೆ:

```
=SUMIF(A:A,E2,B:B)
```

ನಮ್ಮ ಉದಾಹರಣೆಯಲ್ಲಿ ಉತ್ತರ 808 ಬಂದರೆ ಸೀರೆ ಗಿರಾಕಿಯ ಬಳಿಯೇ ಉಳಿದಿದೆ. ಮೈನಸ್ 237 ಬಂದರೆ ವಾಪಸಿನ ಲೆಕ್ಕ ಸರಿಯಾಗಿ ಮುಗಿದಿದೆ. ಮೈನಸ್ 355 ಬಂತೋ, ಕಮಿಷನ್‌ನ 118 ಮರಳಿ ಜಮೆಯಾಗಿಲ್ಲ. ಆ ಆರ್ಡರ್ ಸಂಖ್ಯೆ ಹಿಡಿದು ದೂರು ಬರೆಯಬಹುದು. ‘ನನ್ನ ಪೇಮೆಂಟ್ ಕಮ್ಮಿ ಬಂದಿದೆ’ ಎಂಬ ದೂರಿಗೆ ಸಿದ್ಧ ಉತ್ತರವೊಂದು ಬರುತ್ತದೆ. ಆರ್ಡರ್ ಸಂಖ್ಯೆ, ಸಾಲು, ಮೊತ್ತ ಮೂರನ್ನೂ ಬರೆದರೆ ಯಾರಾದರೂ ಕೂತು ನೋಡಲೇಬೇಕಾಗುತ್ತದೆ.

ಮೊತ್ತ ಸರಿಯಿದ್ದೂ ಮೋಸ ಹೋಗುವುದುಂಟು. ಹಣ ಕಡಿತವಾಗಿದೆ, ಸೀರೆ ಮಾತ್ರ ಅಂಗಡಿಗೆ ಬಂದೇ ಇಲ್ಲ. ಇಲ್ಲವೇ ಹೊಸ ಸೀರೆಯ ಬದಲು ಉಟ್ಟು ಒಗೆದ ಸೀರೆ ಬಂದಿದೆ. ಇಂಥದಕ್ಕೆ ಪರಿಹಾರ ಕೇಳಲು ಅಮೆಜಾನ್‌ನಲ್ಲಿ `SAFE-T`, ಫ್ಲಿಪ್‌ಕಾರ್ಟ್‌ನಲ್ಲಿ `SPF` ಎಂಬ ವ್ಯವಸ್ಥೆಗಳಿವೆ. ಗಡುವು ಚಿಕ್ಕದು, ದಾಟಿದರೆ ಕೇಳುವಂತಿಲ್ಲ. ವಾಪಸ್ ಬಂದ ಪೊಟ್ಟಣವನ್ನು ಲೇಬಲ್ ಕಾಣುವಂತೆ ವಿಡಿಯೋ ಮಾಡುತ್ತಲೇ ಬಿಚ್ಚುವುದು ಅದಕ್ಕೇ. ಗಿರಾಕಿ ಬಾಗಿಲಲ್ಲೇ ಬೇಡವೆಂದು ಕಳಿಸಿದ್ದು, ಅಂದರೆ ಆರ್‌ಟಿಒ, ಬೇರೆ ಬಗೆ. ಅದಕ್ಕೆ ಎಷ್ಟೋ ಕಡೆ ವಾಪಸ್ ಸಾಗಣೆ ಶುಲ್ಕ ಹಾಕುವುದಿಲ್ಲ. ಆರ್‌ಟಿಒ ಆದದ್ದನ್ನು ಗಿರಾಕಿಯ ವಾಪಸು ಎಂದು ದಾಖಲಿಸಿ 118 ಹಿಡಿದಿದ್ದಾರೆಯೇ ಎಂದು ನೋಡಬೇಕು.

ಟಿಸಿಎಸ್ ತಾನಾಗಿಯೇ ಬರುತ್ತದೆಂದು ಕೂರಬೇಡಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ `TDS and TCS Credit Received` ತೆರೆದು ಒಪ್ಪಿಗೆ ಸಲ್ಲಿಸಿದರೆ ಮಾತ್ರ ನಿಮ್ಮ ನಗದು ಲೆಡ್ಜರಿಗೆ ಸೇರುತ್ತದೆ. ವಾಪಸಾದ ಸೀರೆಗೆ ಕ್ರೆಡಿಟ್ ನೋಟ್ ತೋರಿಸದಿದ್ದರೆ, ಆಗದ ಮಾರಾಟಕ್ಕೂ 50 ರೂಪಾಯಿ ತೆರಿಗೆ ಕಟ್ಟಿದಂತೆ.

ಇಷ್ಟಾದ ಮೇಲೆ ಬೆಲೆಯ ಪ್ರಶ್ನೆ. ಹಬ್ಬದ 40ರಲ್ಲಿ ಒಂಬತ್ತು ವಾಪಸಾಗಿ ತಲಾ 200ರಂತೆ 1,800 ನಷ್ಟವಾಯಿತು. ಗಿರಾಕಿಗಳ ಬಳಿ ಉಳಿದ 31 ಸೀರೆಗಳು ಈ ಹೊರೆ ಹೊರಬೇಕು, ಒಂದೊಂದಕ್ಕೆ ಸುಮಾರು 58 ರೂಪಾಯಿ. ಸೀರೆಗೆ ಇಷ್ಟು ಲಾಭವೇ ಇಲ್ಲದಿದ್ದರೆ ಬೆಲೆ ಏರಿಸಬೇಕು, ಇಲ್ಲವೇ ವಾಪಸು ಇಳಿಸಬೇಕು. ಎರಡನೆಯದಕ್ಕೆ ದಾರಿ ಸಿಗುವುದು ಪೇಮೆಂಟ್ ಫೈಲಿನಲ್ಲಲ್ಲ, ರಿಟರ್ನ್ ವರದಿಯಲ್ಲಿ. ಅಲ್ಲಿ ಗಿರಾಕಿ ಕೊಟ್ಟ ಕಾರಣಕ್ಕೆಂದೇ ಒಂದು ಕಾಲಮ್ ಇರುತ್ತದೆ. ಒಂಬತ್ತರಲ್ಲಿ ಆರು ಒಂದೇ ದಾಳಿಂಬೆ ಬಣ್ಣದ ಸೀರೆಯಾಗಿದ್ದು, ಆರಕ್ಕೂ ‘ಫೋಟೋದಲ್ಲಿ ಕಂಡ ಬಣ್ಣವಲ್ಲ’ ಎಂದಿದ್ದರೆ, ಆ ಸೀರೆಯನ್ನು ಹಗಲು ಬೆಳಕಿನಲ್ಲಿ ಹೊಸದಾಗಿ ಫೋಟೋ ತೆಗೆಯುವವರೆಗೆ ಪಟ್ಟಿಯಿಂದ ಇಳಿಸುವುದು ಮೇಲು.